ಬಿಲ್ ನಂ. 1187/25-26: ಲೆಕ್ಕ, ತೆರಿಗೆ ಸರಿಪಡಿಸಿ ಹೊಸ ಬಿಲ್ ಕೊಡುವ ಬಗ್ಗೆ

ಚಿಕ್ಕಮಗಳೂರು
24-11-2025

ಇವರಿಗೆ,
ಮಾಲೀಕರು, ಪ್ಯಾಕಿಂಗ್ ಸಾಮಾನಿನ ಅಂಗಡಿ,
ಬಿ.ಎಂ. ರಸ್ತೆ, ಹಾಸನ

ಶೆಟ್ಟರಿಗೆ ನಮಸ್ಕಾರ.

ನವೆಂಬರ್ 18ರಂದು ನೀವು ಕಳಿಸಿದ ಪೌಚು, ರಟ್ಟಿನ ಬಾಕ್ಸು, ಗೋಣಿಚೀಲ ಅದೇ ದಿನ ಸಂಜೆ ಬೇಲೂರು ಕಡೆಯಿಂದ ಬಂದು ತಲುಪಿದವು. ಸಾಮಾನು ಚೆನ್ನಾಗಿದೆ. ಈ ಸಲ ಪೌಚಿನ ಪ್ರಿಂಟು ಹಿಂದಿನದ್ದಕ್ಕಿಂತ ಸ್ಪಷ್ಟವಾಗಿದೆ, ಆ ವಿಷಯದಲ್ಲಿ ಹೇಳೋದೇನೂ ಇಲ್ಲ. ತಕರಾರು ಇರುವುದು ಬಿಲ್ಲಿನಲ್ಲಿ. ₹64,980ರ ಆ ಬಿಲ್ಲಿನಲ್ಲಿ ಮೂರು ತಪ್ಪುಗಳಿವೆ. ಮೂರೂ ಸರಿಯಾದರೆ ಮೊತ್ತ ₹59,100 ಆಗುತ್ತದೆ. ಅದನ್ನು ರದ್ದು ಮಾಡಿ ಹೊಸ ಬಿಲ್ ಕೊಡಬೇಕೆಂದು ಕೇಳುವುದಕ್ಕೆ ಈ ಪತ್ರ.

ಮೊದಲನೆಯದು ಲೆಕ್ಕ. ಬಿಲ್ಲಿನಲ್ಲಿ 500 ಗ್ರಾಂ ಪೌಚು 6,000 ಅಂತ ಇದೆ. ನಮಗೆ ಬಂದಿದ್ದು 5,000. ಸಾವಿರದ ಬಂಡಲ್ ಐದೇ ಇಳಿಸಿದ್ದು. ನಿಮ್ಮದೇ ಡೆಲಿವರಿ ಚಲನ್ 412ರಲ್ಲೂ '5 ಬಂಡಲ್' ಅಂತಲೇ ಬರೆದಿದೆ, ಕೆಳಗೆ ನಮ್ಮ ಗೋಡೌನಿನವರ ಸಹಿಯೂ ನಿಮ್ಮ ಡ್ರೈವರ್ ಸಹಿಯೂ ಇದೆ. ನಾವು ಆರ್ಡರ್ ಕೊಟ್ಟಿದ್ದು 6,000ಕ್ಕೆ, ಅದು ನಿಜ. ಒಂದು ಬಂಡಲ್ ಪ್ರಿಂಟಾಗಿ ಬಂದಿಲ್ಲ, ಆಮೇಲೆ ಕಳಿಸ್ತೀವಿ ಅಂತ ನಿಮ್ಮ ಗೋಡೌನಿನಿಂದ ಮೊದಲೇ ಫೋನ್ ಬಂದಿತ್ತು. ಬಹುಶಃ ಬಿಲ್ ಮಾಡಿದವರು ಚಲನ್ ನೋಡದೆ ಆರ್ಡರ್ ನೋಡಿ ಹೊಡೆದಿದ್ದಾರೆ.

ಎರಡನೆಯದು ರಟ್ಟಿನ ಬಾಕ್ಸಿನ ತೆರಿಗೆ. 600 ಬಾಕ್ಸಿಗೆ 12 ಪರ್ಸೆಂಟ್ ಹಾಕಿದ್ದೀರಿ. ಸೆಪ್ಟೆಂಬರ್ 22, 2025ರಿಂದ ಈ ಬಾಕ್ಸುಗಳಿಗೆ 5 ಪರ್ಸೆಂಟ್. 12ರ ಸ್ಲ್ಯಾಬೇ ಹೋಯಿತಲ್ಲ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಈ ಐಟಂನ ರೇಟು ಬದಲಾಗದೆ ಹಾಗೇ ಉಳಿದಂತಿದೆ. ಒಮ್ಮೆ ನೋಡಿಬಿಡಿ. ನಮಗೊಬ್ಬರಿಗೇ ಆಗಿರುತ್ತದೆ ಅಂತ ನನಗನ್ನಿಸುವುದಿಲ್ಲ.

ಮೂರನೆಯದು ಮೊತ್ತದಲ್ಲಿ ಕಾಣುವುದಿಲ್ಲ, ಆದರೆ ತಲೆನೋವು ಜಾಸ್ತಿ ಇರುವುದು ಅದರಲ್ಲೇ. ಇಡೀ ಬಿಲ್ಲಿಗೆ ಐಜಿಎಸ್‌ಟಿ ಹಾಕಿದ್ದೀರಿ. ನೀವು ಹಾಸನ, ನಾವು ಚಿಕ್ಕಮಗಳೂರು. ಇಬ್ಬರ ಜಿಎಸ್‌ಟಿ ನಂಬರೂ 29ರಿಂದಲೇ ಶುರುವಾಗುತ್ತದೆ. ರಾಜ್ಯದೊಳಗಿನ ವ್ಯಾಪಾರಕ್ಕೆ ಅರ್ಧ ಸಿಜಿಎಸ್‌ಟಿ, ಅರ್ಧ ಎಸ್‌ಜಿಎಸ್‌ಟಿ ಬರಬೇಕು. ಬಿಲ್ಲಿನಲ್ಲಿ 'ಪ್ಲೇಸ್ ಆಫ್ ಸಪ್ಲೈ' ಇರುವ ಕಡೆ '32-ಕೇರಳ' ಅಂತ ಬಂದಿದೆ. ಬೇರೆ ಯಾರದೋ ವಿಳಾಸ ನಮ್ಮ ಖಾತೆಗೆ ಸೇರಿಕೊಂಡಿರಬೇಕು. ಅದೇ ದಿನದ ಇ-ವೇ ಬಿಲ್ಲಿನಲ್ಲಿ ಊರು ಚಿಕ್ಕಮಗಳೂರು ಅಂತ ಸರಿಯಾಗೇ ಇದೆ.

ಶನಿವಾರ ಫೋನ್ ಮಾಡಿದಾಗ ನಿಮ್ಮ ಬಿಲ್ಲಿಂಗ್ ಕೌಂಟರಿನ ಹುಡುಗ ಬಹಳ ಮರ್ಯಾದೆಯಿಂದಲೇ ಮಾತಾಡಿದ. ಆದರೆ ಅವನು ಹೇಳಿದ ಎರಡು ಮಾತು ನಾನು ಒಪ್ಪುವುದಿಲ್ಲ. ನಿಮಗೂ ತಿಳಿದಿರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

'ಬಾಕ್ಸು ಹಳೇ ಸ್ಟಾಕು ಮೇಡಂ, ನಾವು 12 ಕೊಟ್ಟೇ ತಂದಿದ್ದು' ಅಂದ. ಇರಬಹುದು. ಆದರೆ ನೀವು ಯಾವ ರೇಟಿಗೆ ತಂದಿರಿ ಅನ್ನುವುದರ ಮೇಲೆ ನಮ್ಮ ಬಿಲ್ಲಿನ ತೆರಿಗೆ ನಿಂತಿಲ್ಲ. ನೀವು ನಮಗೆ ಮಾರಿದ ದಿನ ಯಾವ ರೇಟು ಇತ್ತೋ ಅದೇ ಲೆಕ್ಕ. ಸಾಮಾನು ಬಂದಿದ್ದೂ ಬಿಲ್ ಆಗಿದ್ದೂ ನವೆಂಬರಿನಲ್ಲಿ. ತರುವಾಗ ನೀವು ಕೊಟ್ಟ 12 ಪರ್ಸೆಂಟು ನಿಮ್ಮ ಕ್ರೆಡಿಟ್ ಲೆಡ್ಜರಿನಲ್ಲಿ ಇದ್ದೇ ಇರುತ್ತದೆ, ಮುಂದಿನ ತೆರಿಗೆಗೆ ವಜಾ ಮಾಡಿಕೊಳ್ಳಬಹುದು. ಅದನ್ನು ನಮ್ಮಿಂದ ವಸೂಲು ಮಾಡುವ ಅಗತ್ಯವಿಲ್ಲ.

'ಹೇಗೂ ನಿಮಗೆ ಕ್ರೆಡಿಟ್ ಸಿಗುತ್ತಲ್ಲ, ಬಿಡಿ' ಅನ್ನುವುದು ಎರಡನೇ ಮಾತು. ಸಿಗುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ಜಿಎಸ್‌ಟಿ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಸರಕು ಕೈಗೆ ಬಂದಿದ್ದರೆ ಮಾತ್ರ ಕ್ರೆಡಿಟ್. ಬಾರದ 1,000 ಪೌಚಿನ ಮೇಲೆ ₹756 ತೆರಿಗೆ ಹಾಕಿದ್ದೀರಿ. ಅದನ್ನು ನಾನು ತೆಗೆದುಕೊಂಡರೆ ನಾಳೆ ಬಡ್ಡಿ ಸಮೇತ ವಾಪಸ್ ಕಟ್ಟಬೇಕಾದವಳು ನಾನೇ. ಅಲ್ಲದೆ ನಾವು ಕಾಫಿಪುಡಿ ಮಾರುವುದು 5 ಪರ್ಸೆಂಟಿಗೆ. ಪೌಚಿಗೆ ಕೊಟ್ಟ 18 ಪರ್ಸೆಂಟೇ ಪೂರ್ತಿ ಕರಗುವುದಿಲ್ಲ, ಅದರ ಮೇಲೆ ಬಾಕ್ಸಿನದ್ದೂ ಸೇರಿದರೆ ದುಡ್ಡು ಲೆಡ್ಜರಿನಲ್ಲೇ ಕೂತಿರುತ್ತದೆ. ಐಜಿಎಸ್‌ಟಿ ತಪ್ಪಿನಿಂದ ನಿಮಗೂ ತೊಂದರೆಯೇ. ನೀವು ಐಜಿಎಸ್‌ಟಿ ಕಟ್ಟಿಬಿಟ್ಟರೆ, ಅದು ರಾಜ್ಯದೊಳಗಿನ ವ್ಯಾಪಾರ ಅಂತ ಆಮೇಲೆ ಗೊತ್ತಾದಾಗ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಮತ್ತೆ ಕಟ್ಟಿ, ಮೊದಲು ಕಟ್ಟಿದ್ದಕ್ಕೆ ರೀಫಂಡ್ ಅರ್ಜಿ ಹಾಕಬೇಕು. ಆ ಓಡಾಟ ಯಾರಿಗೆ ಬೇಕು, ಅಲ್ವಾ?

ಹೊಸ ಬಿಲ್ ಹೀಗಿರಬೇಕು:

500 ಗ್ರಾಂ ಲ್ಯಾಮಿನೇಟೆಡ್ ಪೌಚು, ಎಚ್‌ಎಸ್‌ಎನ್ 3923
5,000 × ₹4.20 = ₹21,000
ಸಿಜಿಎಸ್‌ಟಿ 9% ₹1,890, ಎಸ್‌ಜಿಎಸ್‌ಟಿ 9% ₹1,890

250 ಗ್ರಾಂ ಲ್ಯಾಮಿನೇಟೆಡ್ ಪೌಚು, ಎಚ್‌ಎಸ್‌ಎನ್ 3923
4,000 × ₹3.00 = ₹12,000
ಸಿಜಿಎಸ್‌ಟಿ 9% ₹1,080, ಎಸ್‌ಜಿಎಸ್‌ಟಿ 9% ₹1,080

ರಟ್ಟಿನ ಬಾಕ್ಸು, ಎಚ್‌ಎಸ್‌ಎನ್ 4819
600 × ₹22 = ₹13,200
ಸಿಜಿಎಸ್‌ಟಿ 2.5% ₹330, ಎಸ್‌ಜಿಎಸ್‌ಟಿ 2.5% ₹330

ಗೋಣಿಚೀಲ, ಎಚ್‌ಎಸ್‌ಎನ್ 6305
100 × ₹60 = ₹6,000
ಸಿಜಿಎಸ್‌ಟಿ 2.5% ₹150, ಎಸ್‌ಜಿಎಸ್‌ಟಿ 2.5% ₹150

ಸಾಮಾನಿನ ಮೊತ್ತ ₹52,200
ಸಿಜಿಎಸ್‌ಟಿ ₹3,450, ಎಸ್‌ಜಿಎಸ್‌ಟಿ ₹3,450
ಒಟ್ಟು ₹59,100

ಹಳೇ ಬಿಲ್ಲಿಗೂ ಇದಕ್ಕೂ ವ್ಯತ್ಯಾಸ ₹5,880. ಇದರಲ್ಲಿ ₹4,200 ಬಾರದ ಪೌಚಿನದ್ದು, ₹756 ಅದರ ತೆರಿಗೆ, ಉಳಿದ ₹924 ಬಾಕ್ಸಿಗೆ ಜಾಸ್ತಿ ಹಾಕಿದ ತೆರಿಗೆ. ಸಾಮಾನಿನ ರೇಟಿನಲ್ಲಿ ಏನೂ ತಕರಾರಿಲ್ಲ, ಎಲ್ಲ ಮಾತಾದ ಹಾಗೇ ಇದೆ.

ಹಳೇ ಬಿಲ್ಲಿನ ಮೇಲೇ ಪೆನ್ನಲ್ಲಿ ತಿದ್ದಿ ಸೀಲು ಹಾಕಿ ಕಳಿಸಬೇಡಿ ದಯವಿಟ್ಟು. ನಮ್ಮ ಆಡಿಟರ್ ಅದನ್ನು ಒಪ್ಪುವುದಿಲ್ಲ. ಅದೇ 1187 ನಂಬರಿನಲ್ಲಿ ಇನ್ನೊಂದು ಬಿಲ್ ಮಾಡುವುದೂ ಬೇಡ. ಬಿಲ್ಲಿನಲ್ಲಿ ಐಆರ್‌ಎನ್ ನಂಬರಾಗಲಿ ಕ್ಯೂಆರ್ ಕೋಡ್ ಆಗಲಿ ಕಾಣಲಿಲ್ಲ, ಹಾಗಾಗಿ ನಿಮಗೆ ಇ-ಇನ್‌ವಾಯ್ಸ್ ಅನ್ವಯಿಸುವುದಿಲ್ಲ ಅಂದುಕೊಂಡಿದ್ದೇನೆ. ಹಾಗಿದ್ದರೆ ಕೆಲಸ ಸುಲಭ. ನವೆಂಬರಿನ ಜಿಎಸ್‌ಟಿಆರ್-1 ಹಾಕಲು ಡಿಸೆಂಬರ್ 11ರವರೆಗೆ ಸಮಯ ಇದೆ. ಅಷ್ಟರೊಳಗೆ 1187 ಅನ್ನು ರದ್ದು ಮಾಡಿ, ಮುಂದಿನ ನಂಬರಿನಲ್ಲಿ ಹೊಸ ಬಿಲ್ ಮಾಡಿ, ಅದೊಂದನ್ನೇ ರಿಟರ್ನಿನಲ್ಲಿ ತೋರಿಸಿದರೆ ಆಯಿತು. ರದ್ದಾದ ನಂಬರನ್ನು ಅದೇ ರಿಟರ್ನಿನ 13ನೇ ಟೇಬಲಿನಲ್ಲಿ ತೋರಿಸುವುದು ನಿಮ್ಮ ಆಡಿಟರಿಗೆ ಗೊತ್ತೇ ಇರುತ್ತದೆ. ಹೊಸ ಬಿಲ್ಲಿಗೆ ಅದನ್ನು ಮಾಡುವ ದಿನದ ತಾರೀಕೇ ಇರಲಿ, ಹಿಂದಿನ ತಾರೀಕು ಹಾಕುವುದು ಬೇಡ. 'ರದ್ದಾದ ಬಿಲ್ 1187, ಚಲನ್ 412ಕ್ಕೆ ಸಂಬಂಧಿಸಿದ್ದು' ಅಂತ ಒಂದು ಸಾಲು ಇದ್ದರೆ ಸಾಕು.

ರದ್ದು ಮಾಡಲು ಯಾವುದೇ ಕಾರಣಕ್ಕೆ ಆಗುವುದಿಲ್ಲ ಅಂದರೆ 1187ರ ಪೂರ್ತಿ ಮೊತ್ತಕ್ಕೆ ಕ್ರೆಡಿಟ್ ನೋಟ್ ಕೊಟ್ಟು, ಆಮೇಲೆ ಹೊಸ ಬಿಲ್ ಕೊಡಿ. ವ್ಯತ್ಯಾಸದ ₹5,880ಕ್ಕೆ ಮಾತ್ರ ಕ್ರೆಡಿಟ್ ನೋಟ್ ಕೊಟ್ಟರೆ ಉಪಯೋಗವಿಲ್ಲ. ಮೊತ್ತ ಸರಿಹೋಗುತ್ತದೆ, ಐಜಿಎಸ್‌ಟಿ ಮಾತ್ರ ಹಾಗೇ ಉಳಿಯುತ್ತದೆ.

ಡಿಸೆಂಬರ್ 14ಕ್ಕೆ ನಮ್ಮ ಜಿಎಸ್‌ಟಿಆರ್-2ಬಿ ಬರುತ್ತದೆ. ಹಳೇ ಬಿಲ್ಲೊಂದೇ ಪೋರ್ಟಲಿಗೆ ಬಂದರೆ ಐಎಂಎಸ್‌ನಲ್ಲಿ ಅದನ್ನು ರಿಜೆಕ್ಟ್ ಮಾಡದೆ ನನಗೆ ಬೇರೆ ದಾರಿ ಇಲ್ಲ. ಹೆದರಿಸಲು ಹೇಳುತ್ತಿಲ್ಲ. ಆಮೇಲೆ ಯಾಕೆ ಹೀಗೆ ಮಾಡಿದಿರಿ ಅಂತ ನೀವು ಬೇಜಾರು ಮಾಡಿಕೊಳ್ಳಬಾರದು ಅಂತ ಈಗಲೇ ತಿಳಿಸುತ್ತಿದ್ದೇನೆ.

ಇ-ವೇ ಬಿಲ್ಲಿನಲ್ಲೂ 6,000 ಅಂತಲೇ ಇದೆ. ಅದನ್ನು ರದ್ದು ಮಾಡಲು ಇದ್ದ 24 ಗಂಟೆ ಮುಗಿದುಹೋಯಿತು, ಈಗ ಏನೂ ಮಾಡಲು ಬರುವುದಿಲ್ಲ. '500 ಗ್ರಾಂ ಪೌಚು ಚಲನ್ ಪ್ರಕಾರ 5,000 ಮಾತ್ರ ಕಳಿಸಿದ್ದೇವೆ' ಅಂತ ಒಂದು ಮೇಲ್ ಹಾಕಿಬಿಡಿ. ಯಾರಾದರೂ ಕೇಳಿದರೆ ತೋರಿಸಲು ಇಬ್ಬರ ಫೈಲಿನಲ್ಲೂ ಇರಲಿ.

ದುಡ್ಡಿನ ವಿಷಯ. ಆರ್ಡರ್ ಜೊತೆ ₹20,000 ಅಡ್ವಾನ್ಸ್ ಕೊಟ್ಟಿದ್ದೇವೆ. ಹೊಸ ಬಿಲ್ ಪ್ರಕಾರ ಬಾಕಿ ₹39,100. ಬಿಲ್ಲಿನ ತಾರೀಕು ಬದಲಾಯಿತು ಅಂತ ನಾವು ಗಡುವು ಮುಂದಕ್ಕೆ ತಳ್ಳುವುದಿಲ್ಲ. 30 ದಿನದ ಸಾಲವನ್ನು ನವೆಂಬರ್ 18ರಿಂದಲೇ ಎಣಿಸಿ, ಡಿಸೆಂಬರ್ 18ಕ್ಕೆ ಬ್ಯಾಂಕಿಗೆ ಹಾಕುತ್ತೇವೆ. ಸರಿಯಾದ ಬಿಲ್ ಅದಕ್ಕೂ ಮೊದಲೇ ಕೈಗೆ ಬಂದರೆ ಮಾರನೇ ದಿನವೇ ಕಳಿಸುತ್ತೇವೆ, ತಡ ಮಾಡುವುದಿಲ್ಲ.

ಉಳಿದ ಒಂದು ಬಂಡಲ್ ಪೌಚು ಡಿಸೆಂಬರ್ ಮೊದಲ ವಾರದೊಳಗೆ ಕಳಿಸಿ. ಡಿಸೆಂಬರಿನಲ್ಲಿ ದತ್ತ ಜಯಂತಿಗೆ ಬರುವವರು, ಮುಳ್ಳಯ್ಯನಗಿರಿಗೆ ಹೋಗುವವರು ಸೇರಿ ಅಂಗಡಿಯಲ್ಲಿ ಅರ್ಧ ಕೇಜಿ ಪ್ಯಾಕೇ ಜಾಸ್ತಿ ಖರ್ಚಾಗುತ್ತದೆ. ಅದಕ್ಕೆ ಪ್ರತ್ಯೇಕ ಬಿಲ್ ಮಾಡಿ, ಈ ಬಿಲ್ಲಿಗೆ ಸೇರಿಸಬೇಡಿ. ಖಾತೆಯಲ್ಲಿ ನಮ್ಮ ರಾಜ್ಯ 29-ಕರ್ನಾಟಕ ಅಂತ ಬದಲಾಯಿಸಿದ ಮೇಲೇ ಆ ಬಿಲ್ ಹೊಡೆಯಲಿ, ಇಲ್ಲದಿದ್ದರೆ ಮತ್ತೆ ಇದೇ ಪತ್ರ ಬರೆಯಬೇಕಾಗುತ್ತದೆ.

ಹೊಸ ಬಿಲ್ಲಿನ ಪಿಡಿಎಫ್ ಅನ್ನು ಶುಕ್ರವಾರ, ನವೆಂಬರ್ 28ರೊಳಗೆ ಇದೇ ಮೇಲಿಗೆ ಕಳಿಸಿ. ಪ್ರಿಂಟು ಪೌಚಿನ ಗಾಡಿಯಲ್ಲೇ ಬರಲಿ. ಏನಾದರೂ ಕೇಳುವುದಿದ್ದರೆ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಅಂಗಡಿಯ ನಂಬರಿಗೆ ಫೋನ್ ಮಾಡಿ, ನಾನೇ ಇರುತ್ತೇನೆ. ನಿಮ್ಮ ಆಡಿಟರ್ ನಮ್ಮ ಆಡಿಟರ್ ಜೊತೆ ನೇರವಾಗಿ ಮಾತಾಡುವುದಾದರೆ ಅದೂ ಆಗಬಹುದು.

ಇಂತಿ,
ನಾಗರತ್ನ
ಲೆಕ್ಕಪತ್ರ ವಿಭಾಗ, ಕಾಫಿಪುಡಿ ಅಂಗಡಿ
ಮಾರ್ಕೆಟ್ ರಸ್ತೆ, ಚಿಕ್ಕಮಗಳೂರು

ಜೊತೆಗೆ ಲಗತ್ತಿಸಿರುವುದು: ಬಿಲ್ 1187ರ ಪ್ರತಿ (ತಪ್ಪಿರುವ ಕಡೆ ಗುರುತು ಹಾಕಿದೆ), ಸಹಿಯಿರುವ ಚಲನ್ 412, ಇ-ವೇ ಬಿಲ್ಲಿನ ಪ್ರತಿ, ನಮ್ಮ ಆರ್ಡರಿನ ಪ್ರತಿ, ನಮ್ಮ ಜಿಎಸ್‌ಟಿ ನೋಂದಣಿ ಪತ್ರ.