ವಿಷಯ: ಮಾರ್ಚ್‌ನಲ್ಲಿ ಬಂದ ಮುಂಗಡ ಶುಲ್ಕವನ್ನು 2025-26ರ ಆದಾಯದಿಂದ ತೆಗೆದಿರುವ ಕುರಿತು

ಖಜಾಂಚಿಯವರಿಗೆ,
ವಿದ್ಯಾರ್ಥಿ ಚಾರಣ ಸಂಘ, ಧಾರವಾಡ

ನಮಸ್ಕಾರ.

ನೀವು ಕಳುಹಿಸಿದ ಕರಡು ಲೆಕ್ಕವನ್ನು ಕಿರ್ದಿ ಮತ್ತು ಪಾಸ್‌ಬುಕ್‌ನೊಂದಿಗೆ ತಾಳೆ ನೋಡಿದ್ದೇನೆ. ಮೊತ್ತಗಳಲ್ಲಿ ವ್ಯತ್ಯಾಸವಿಲ್ಲ, ರಸೀದಿ ಪುಸ್ತಕವನ್ನೂ ಅಚ್ಚುಕಟ್ಟಾಗಿ ಇಟ್ಟಿದ್ದೀರಿ. ಆದರೆ ನೀವು ತೋರಿಸಿರುವ ₹61,400 ಉಳಿತಾಯವನ್ನು ನಾನು ಒಪ್ಪಲಾರೆ. "ಹಣ ಬ್ಯಾಂಕಿಗೆ ಜಮಾ ಆಗಿದೆ, ರಸೀದಿಯನ್ನೂ ಕೊಟ್ಟಿದ್ದೇವೆ, ಆದರೂ ಅದು ಆದಾಯವಲ್ಲವೇ?" ಎಂದು ನೀವು ಕೇಳಿರುವುದರಿಂದ ಕಾರಣವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮಾರ್ಚ್ ತಿಂಗಳಲ್ಲಿ 84 ವಿದ್ಯಾರ್ಥಿಗಳು 2026-27ರ ಸದಸ್ಯತ್ವಕ್ಕಾಗಿ ತಲಾ ₹300ರಂತೆ ₹25,200 ಕಟ್ಟಿದ್ದಾರೆ. ಮೇ ತಿಂಗಳ ದಾಂಡೇಲಿ ಚಾರಣಕ್ಕೆ 22 ಜನ ತಲಾ ₹1,500ರಂತೆ ₹33,000 ಕೊಟ್ಟಿದ್ದಾರೆ. ಹಣ ಕೈಗೆ ಬರುವುದು ಬೇರೆ, ಅದು ಸಂಘದ ಗಳಿಕೆಯಾಗುವುದು ಬೇರೆ. ಮಾರ್ಚ್ 31ರಂದು ಸಂಘವು ಈ ಸದಸ್ಯರಿಗೆ ಹೊಸ ವರ್ಷದ ಯಾವ ಸೌಲಭ್ಯವನ್ನೂ ಕೊಟ್ಟಿರಲಿಲ್ಲ, ಚಾರಣವೂ ನಡೆದಿರಲಿಲ್ಲ. ಅಂದು ಚಾರಣ ರದ್ದಾಗಿದ್ದರೆ ₹33,000ವನ್ನು ಮರಳಿಸಲೇಬೇಕಿತ್ತು. ಮರಳಿ ಕೊಡಬೇಕಾಗಿ ಬರಬಹುದಾದ, ಇಲ್ಲವೇ ಕೆಲಸ ಮಾಡಿ ತೀರಿಸಬೇಕಾದ ಹಣ ಹೊಣೆಯೇ ಹೊರತು ಆದಾಯವಲ್ಲ. ಆದ್ದರಿಂದ ಈ ₹58,200 ಅಢಾವೆ ಪತ್ರಿಕೆಯ ಹೊಣೆಗಳ ಕಡೆ "ಮುಂಗಡವಾಗಿ ಬಂದ ಶುಲ್ಕ" ಎಂದು ನಿಲ್ಲುತ್ತದೆ. ಸ್ವೀಕೃತಿ-ಪಾವತಿ ಖಾತೆಯಲ್ಲಿ ಮಾತ್ರ ಅದು ನೀವು ಬರೆದಂತೆಯೇ ಇರಲಿ, ಏಕೆಂದರೆ ಆ ಖಾತೆ ನೋಡುವುದು ನಗದನ್ನೇ. ಯಾವ ವರ್ಷಕ್ಕೆ ಸೇರಿದ್ದು ಎಂಬುದನ್ನು ನೋಡುವುದು ಆದಾಯ-ವೆಚ್ಚ ಖಾತೆ.

ಇದೇ ಕಾರಣಕ್ಕೆ, ಮೇ ಚಾರಣಕ್ಕೆಂದು ಹುಬ್ಬಳ್ಳಿಯ ಬಸ್ಸಿನವರಿಗೆ ಮಾರ್ಚ್‌ನಲ್ಲಿ ಕೊಟ್ಟ ₹8,000 ಕೂಡ ಈ ವರ್ಷದ ಖರ್ಚಲ್ಲ. ಅದನ್ನು ನೀವು ವೆಚ್ಚದಲ್ಲಿ ಸೇರಿಸಿದ್ದೀರಿ. ನಾನು ಆಸ್ತಿಯ ಕಡೆಗೆ ಒಯ್ದಿದ್ದೇನೆ. ಎರಡೂ ತಿದ್ದುಪಡಿಗಳಾದ ಮೇಲೆ ನಿಜವಾದ ಉಳಿತಾಯ ₹11,200. ಮಾರ್ಚ್‌ನಲ್ಲೇ ಐದು ಜನ ಕಟ್ಟಿದ 2025-26ರ ಬಾಕಿ ₹1,500 ಈ ವರ್ಷದ್ದೇ ಆದ್ದರಿಂದ ಅದನ್ನು ಮುಟ್ಟಿಲ್ಲ.

ಉಳಿತಾಯದ ಹಣದಲ್ಲಿ ₹40,000ದ ಟೆಂಟುಗಳನ್ನು ಕೊಳ್ಳುವ ಪ್ರಸ್ತಾಪ ಕಾರ್ಯಕಾರಿ ಸಮಿತಿಯ ಮುಂದಿದೆ ಎಂದು ಬರೆದಿದ್ದೀರಿ. ಮೊದಲಿನ ಲೆಕ್ಕವನ್ನು ನಂಬಿ ಕೊಂಡರೆ, ದಾಂಡೇಲಿಗೆ ಹೊರಟವರ ಊಟ-ವಸತಿಯ ಹಣವೇ ಖರ್ಚಾಗುತ್ತದೆ. ಮುಂದಿನ ವರ್ಷದ ಖಜಾಂಚಿಗಂತೂ ಚಾರಣದ ಖರ್ಚು ಮಾತ್ರ ಉಳಿದು, ಅದರ ಆದಾಯ ಹಿಂದಿನ ಪುಸ್ತಕದಲ್ಲೇ ಮುಗಿದುಹೋಗಿರುತ್ತದೆ. ಹೀಗಾಗಿ ಆ ನಿರ್ಣಯವನ್ನು ಸದ್ಯಕ್ಕೆ ತಡೆಹಿಡಿಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಹೊಸ ಪುಸ್ತಕದಲ್ಲಿ ₹25,200ವನ್ನು 2026-27ರ ಸದಸ್ಯತ್ವ ಶುಲ್ಕಕ್ಕೆ ವರ್ಗಾಯಿಸಿ. ₹33,000ವನ್ನು ಚಾರಣ ಮುಗಿದ ದಿನ ಮುಂಗಡ ಖಾತೆಗೆ ಡೆಬಿಟ್, ಚಾರಣ ಶುಲ್ಕಕ್ಕೆ ಕ್ರೆಡಿಟ್ ಮಾಡಿ; ಬಸ್ಸಿನ ಮುಂಗಡವನ್ನು ಅಂದೇ ಖರ್ಚಿಗೆ ಹಾಕಿ.

ಮುಂಗಡ ಕಟ್ಟಿದವರ ಹೆಸರು ಮತ್ತು ರಸೀದಿ ಸಂಖ್ಯೆಗಳ ಪಟ್ಟಿಯನ್ನು ಸಮಿತಿಯ ಸಭೆಗೆ ಮೊದಲು ಕಳುಹಿಸಿಕೊಡಿ. ತಿದ್ದಿದ ಲೆಕ್ಕಕ್ಕೆ ಅದನ್ನು ಲಗತ್ತಿಸಬೇಕಾಗಿದೆ.

ತಮ್ಮ ವಿಶ್ವಾಸಿ,
ಸಂಘದ ಅಕೌಂಟೆಂಟ್, ಧಾರವಾಡ