ಚಿಪ್ಪು ಅಣಬೆ ಘಟಕ: ವ್ಯವಹಾರ ಯೋಜನೆ ಮತ್ತು ಸಾಲದ ಕೋರಿಕೆ

ಸ್ಥಳ: ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ
ಬೇಕಾದ ಸಾಲ: ₹90,000 (ಮುದ್ರಾ, ಕಿಶೋರ್ ವರ್ಗ)
ಒಟ್ಟು ಬಂಡವಾಳ: ₹1,30,000. ಇದರಲ್ಲಿ ನಮ್ಮ ಕೈಯಿಂದ ₹40,000

ವ್ಯವಸ್ಥಾಪಕರಿಗೆ ನಮಸ್ಕಾರ.

ನಾವು ಯಾರು, ಏನು ಮಾಡುತ್ತೇವೆ

ನಮ್ಮದು ಒಂದೂವರೆ ಎಕರೆ ಗದ್ದೆ, 40 ತೆಂಗಿನ ಮರ, 2 ಹಸು. ಮನೆಯ ಪಕ್ಕದಲ್ಲಿ 30 ಅಡಿ ಉದ್ದ, 20 ಅಡಿ ಅಗಲದ ರೇಷ್ಮೆ ಹುಳು ಮನೆ ಇದೆ. ಸೊಪ್ಪು ಕೊಯ್ಯಲು ಆಳು ಸಿಗದೆ ಎರಡು ವರ್ಷದ ಹಿಂದೆ ಹುಳು ಸಾಕುವುದನ್ನು ಬಿಟ್ಟೆವು. ಮನೆ ಖಾಲಿ ಬಿದ್ದಿದೆ. ದಪ್ಪ ಗೋಡೆ, ಹೆಂಚಿನ ಸೂರು, ಎದುರುಬದುರು ಕಿಟಕಿ, ನೊಣ ಬಾರದಂತೆ ಬಲೆ. ಅಣಬೆಗೆ ಬೇಕಾದದ್ದರಲ್ಲಿ ಮುಕ್ಕಾಲು ಪಾಲು ಅಲ್ಲೇ ಇದೆ.

ಅಲ್ಲಿ ಚಿಪ್ಪು ಅಣಬೆ ಬೆಳೆಯುತ್ತೇವೆ. ಬಟನ್ ಅಣಬೆಗೆ ಎಸಿ ಬೇಕು, ಕಾಂಪೋಸ್ಟ್ ಬೇಕು, ನಮ್ಮ ಕೈಗೆ ಎಟುಕದು. ಚಿಪ್ಪು ಅಣಬೆಗೆ ಭತ್ತದ ಹುಲ್ಲು, ನೀರು, ಶುಚಿ ಸಾಕು. ಮೂರನೆಯದೇ ಕಷ್ಟ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ನಾನು ತರಬೇತಿ ಪಡೆದಿದ್ದೇನೆ. ಕಳೆದ ಚಳಿಗಾಲದಲ್ಲಿ ಎರಡು ಸಲ ಪರೀಕ್ಷೆಗೆ ಬೆಳೆದೆ. ನವೆಂಬರಿನಲ್ಲಿ ತುಂಬಿದ 40 ಚೀಲಗಳಲ್ಲಿ 7 ಹಸಿರು ಬೂಷ್ಟು ಹಿಡಿದು ಹಾಳಾದವು. ಸಿಕ್ಕಿದ್ದು ಬರೀ 21 ಕೆಜಿ. ತಪ್ಪು ನನ್ನದೇ. ಹುಲ್ಲಿನ ನೀರು ಸರಿಯಾಗಿ ಬಸಿಯದೆ ತುಂಬಿದ್ದೆ. ಹುಲ್ಲನ್ನು ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ಬೀಳಬಾರದು. ಡಿಸೆಂಬರಿನ 40 ಚೀಲಗಳಲ್ಲಿ ಹಾಳಾದದ್ದು ಒಂದೇ. 27 ಕೆಜಿ ಬಂತು.

ಕೆಲಸದ ಕ್ರಮ

ಪ್ರತಿ ಮಂಗಳವಾರ ಹುಲ್ಲನ್ನು ಎರಡು ಇಂಚಿಗೆ ಕತ್ತರಿಸಿ ರಾತ್ರಿ ನೆನೆಹಾಕುತ್ತೇವೆ. ಬುಧವಾರ ಬೆಳಿಗ್ಗೆ ಡ್ರಮ್ಮಿನಲ್ಲಿ 80ರಿಂದ 85 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು, ಬಸಿದು, ನೆರಳಲ್ಲಿ ಆರಿಸಿ, ಸಂಜೆ ಚೀಲ ತುಂಬುತ್ತೇವೆ. ಫಾರ್ಮಲಿನ್ ಹಾಕಿ ನೆನೆಸುವ ವಿಧಾನವೂ ಇದೆ, ಸೌದೆ ಉಳಿಯುತ್ತದೆ. ಆದರೆ ತೆಂಗಿನ ಮಟ್ಟೆ, ಸಿಪ್ಪೆ ಮನೆಯಲ್ಲೇ ಬಿದ್ದಿರುವಾಗ ಮಕ್ಕಳಿರುವ ಮನೆಗೆ ಅದು ಯಾಕೆ ಅಂತ ಬಿಟ್ಟಿದ್ದೇನೆ.

ಚೀಲಕ್ಕೆ 1 ಕೆಜಿ ಒಣ ಹುಲ್ಲು (ನೆನೆದ ಮೇಲೆ ಸುಮಾರು 3 ಕೆಜಿ), 100 ಗ್ರಾಂ ಬೀಜ. 18ರಿಂದ 20 ದಿನ ಕತ್ತಲಲ್ಲಿಟ್ಟರೆ ಒಳಗೆಲ್ಲ ಬೆಳ್ಳಗೆ ಹಬ್ಬುತ್ತದೆ. ಆಮೇಲೆ ಗಾಳಿ, ಸ್ವಲ್ಪ ಬೆಳಕು, ದಿನಕ್ಕೆ ಎರಡು ಮೂರು ಸಲ ನೀರಿನ ತುಂತುರು. 25ನೇ ದಿನದ ಹೊತ್ತಿಗೆ ಮೊದಲ ಕೊಯ್ಲು. 55 ದಿನದೊಳಗೆ ಮೂರು ಕೊಯ್ಲು ಮುಗಿಸಿ ಚೀಲ ಹೊರಗೆ ಹಾಕುತ್ತೇವೆ. ಅರ್ಧ ಬೆಳೆ ಮೊದಲ ಕೊಯ್ಲಿನಲ್ಲೇ ಬರುತ್ತದೆ. ನಾಲ್ಕನೇ ಕೊಯ್ಲಿಗೆ ಆಸೆಪಟ್ಟು ಕಾದರೆ ನೊಣ ಸಾಕಿದ ಹಾಗೆ.

ವಾರಕ್ಕೆ 60 ಚೀಲ, ಎಂಟು ವಾರದ ಸುತ್ತು. ಹಾಗಾಗಿ ಮನೆಯಲ್ಲಿ ಒಮ್ಮೆಗೆ 480 ಚೀಲ. ಒಂದು ಹಗ್ಗಕ್ಕೆ ಐದರಂತೆ ನೇತುಹಾಕಿದರೆ 96 ಹಗ್ಗ. ಓಡಾಡಲು, ಬಿಳಿ ಹಬ್ಬುವ ಕತ್ತಲ ಭಾಗ ಬೇರೆ ಮಾಡಲು ಜಾಗ ಉಳಿಯುತ್ತದೆ.

ಕಾಲ ಮತ್ತು ಇಳುವರಿ

ಈ ಯೋಜನೆಯಲ್ಲಿ ದಯವಿಟ್ಟು ಈ ಭಾಗವನ್ನೇ ಜಾಸ್ತಿ ಗಮನಿಸಿ. ಅಣಬೆ ಲೆಕ್ಕದಲ್ಲಿ ಎಲ್ಲರೂ ಎಡವುವುದು ಇಲ್ಲೇ. 1 ಕೆಜಿ ಹುಲ್ಲಿಗೆ 1 ಕೆಜಿ ಅಣಬೆ ಅಂತ ಹಿಡಿದು 12 ತಿಂಗಳಿಗೆ ಗುಣಿಸುತ್ತಾರೆ. ಅಷ್ಟು ಇಳುವರಿ ಬರುವುದುಂಟು, ಒಳ್ಳೆಯ ಚೀಲದಲ್ಲಿ, ಒಳ್ಳೆಯ ತಿಂಗಳಲ್ಲಿ. ನಾನು ಹಾಳಾದ ಚೀಲವನ್ನೂ ಸೇರಿಸಿ ಸರಾಸರಿ ತೆಗೆದಿದ್ದೇನೆ.

| ಕೊಯ್ಲಿನ ಕಾಲ | ವಾರ | ಚೀಲ | ಚೀಲಕ್ಕೆ | ಒಟ್ಟು |
|---|---|---|---|---|
| ಜೂನ್–ಸೆಪ್ಟೆಂಬರ್ | 17 | 1,020 | 550 ಗ್ರಾಂ | 561 ಕೆಜಿ |
| ಅಕ್ಟೋಬರ್–ಫೆಬ್ರವರಿ | 22 | 1,320 | 650 ಗ್ರಾಂ | 858 ಕೆಜಿ |
| ಮಾರ್ಚ್–ಮೇ | 13 | 390 | 350 ಗ್ರಾಂ | 136 ಕೆಜಿ |

ವರ್ಷಕ್ಕೆ 2,730 ಚೀಲ, ಸುಮಾರು 1,555 ಕೆಜಿ.

ಮಳೆಗಾಲದಲ್ಲಿ ತೇವಾಂಶ ಪುಕ್ಕಟೆ ಸಿಗುತ್ತದೆ, ನೀರು ಹೊಡೆಯುವ ಕೆಲಸ ಕಡಿಮೆ. ಆದರೂ ಇಳುವರಿ ಕಮ್ಮಿ ಹಿಡಿದಿದ್ದೇನೆ. ಆಗ ಹುಲ್ಲು ಮುಗ್ಗಲು ಹಿಡಿಯುತ್ತದೆ, ಹಸಿರು ಬೂಷ್ಟು ಬೇಗ ಬರುತ್ತದೆ, ಅಣಬೆ ನೊಣದ ಕಾಟ ಬೇರೆ. ಅದಕ್ಕೇ ವರ್ಷದ ಹುಲ್ಲನ್ನು ಮಳೆಗೆ ಮುಂಚೆಯೇ ಒಣಗಿಸಿ ಅಟ್ಟಕ್ಕೆ ಏರಿಸುತ್ತೇವೆ. ಬಾಗಿಲಿಗೆ ಎರಡು ಪದರ ಬಲೆ, ಒಳಗೆ ಹಳದಿ ಅಂಟು ಹಾಳೆ.

ಚಳಿಗಾಲ ನಮ್ಮ ಸುಗ್ಗಿ. ಬಿಳಿ ಫ್ಲೋರಿಡಾ ತಳಿ 20ರಿಂದ 25 ಡಿಗ್ರಿಯಲ್ಲಿ ಚೆನ್ನಾಗಿ ಬರುತ್ತದೆ. ಗಾಳಿ ಒಣಗುವುದರಿಂದ ಗೋಣಿತಾಟು ಸದಾ ಒದ್ದೆ ಇರಬೇಕು, ಅಷ್ಟೇ.

ಬೇಸಿಗೆಯಲ್ಲಿ ಫ್ಲೋರಿಡಾ ನಂಬಿದರೆ ಕೆಟ್ಟೆವು. ಏಪ್ರಿಲಿನಲ್ಲಿ ಇಲ್ಲಿ ಮಧ್ಯಾಹ್ನ 34–35 ಡಿಗ್ರಿ. ಆಗ ಬಿಸಿ ತಡೆಯುವ ಗುಲಾಬಿ ಚಿಪ್ಪು ಅಣಬೆ, ಅದೂ ವಾರಕ್ಕೆ 30 ಚೀಲ ಮಾತ್ರ. ಅದು ಬೇಗ ಬಾಡುತ್ತದೆ, ಕೊಯ್ದ ದಿನವೇ ಮಾರಬೇಕು. ಫೆಬ್ರವರಿ ಮಧ್ಯದಲ್ಲಿ ತುಂಬಿದ ಚೀಲ ಮಾರ್ಚ್ ಎರಡನೇ ವಾರಕ್ಕೆ ಕೊಯ್ಲಿಗೆ ಬರುವುದರಿಂದ, ತುಂಬುವುದನ್ನು ಆಗಲೇ ಅರ್ಧಕ್ಕೆ ಇಳಿಸುತ್ತೇವೆ. ಮತ್ತೆ ಮೇ ಮಧ್ಯದಿಂದ 60ಕ್ಕೆ ಏರಿಸುತ್ತೇವೆ.

ಮಾರಾಟ

ಸುಗ್ಗಿಯಲ್ಲಿ ವಾರಕ್ಕೆ 39 ಕೆಜಿ ಕೊಯ್ಲು, ಅದರಲ್ಲಿ 33 ಕೆಜಿ ಹಸಿಯಾಗಿ ಮಾರಬೇಕು. 200 ಗ್ರಾಂ ಪೊಟ್ಟಣ ಲೆಕ್ಕದಲ್ಲಿ 165 ಪೊಟ್ಟಣ. ಪರೀಕ್ಷೆಯ ಬೆಳೆಯನ್ನು ಕೆಜಿಗೆ ₹150ರಂತೆ ಕೊಟ್ಟಿದ್ದೆ. ಮದ್ದೂರಿನ ಎರಡು ತರಕಾರಿ ಅಂಗಡಿ ವಾರಕ್ಕೆ 12 ಕೆಜಿ, ಮಂಡ್ಯದ ಒಂದು ಅಂಗಡಿ ಮತ್ತು ಒಂದು ಮೆಸ್ 14 ಕೆಜಿ ತೆಗೆದುಕೊಳ್ಳಲು ಒಪ್ಪಿದ್ದಾರೆ. ಉಳಿದ 7 ಕೆಜಿ ನಮ್ಮ ಸ್ವಸಹಾಯ ಸಂಘದ ಮನೆಗಳಿಗೆ ಮತ್ತು ಸಂತೆಗೆ. ಹಳೇ ಹೆದ್ದಾರಿಯ ಹೋಟೆಲ್‌ಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಆ ಕಡೆ ಓಡಾಟ ಇಳಿದಿದೆ.

ಬೇಡಿಕೆಗೂ ಕಾಲ ಇದೆ. ಶ್ರಾವಣದಲ್ಲಿ ಮಾಂಸ ಬಿಟ್ಟವರು, ಅಯ್ಯಪ್ಪ ಮಾಲೆ ಹಾಕಿದವರ ಮನೆಯವರು ಅಣಬೆ ಕೇಳುತ್ತಾರೆ ಎಂದು ಇಬ್ಬರೂ ಅಂಗಡಿಯವರು ಹೇಳಿದರು. ಮಾಲೆಯ ಕಾಲ ನಮ್ಮ ಸುಗ್ಗಿಯ ಜೊತೆಗೇ ಬರುವುದು ಒಳ್ಳೆಯದಾಯಿತು. ಆದರೆ ಅಣಬೆಯನ್ನೂ ಮಾಂಸದ ಸಾಲಿಗೇ ಸೇರಿಸಿ ಮುಟ್ಟದವರೂ ಇದ್ದಾರೆ, ನಮ್ಮ ಅತ್ತೆಯೇ ಒಬ್ಬರು. ಹಾಗಾಗಿ ಹಬ್ಬದ ತಿಂಗಳಿಗೆ ಬೆಲೆ ಏರಿಸಿ ಲೆಕ್ಕ ಹಾಕಿಲ್ಲ.

ಹಸಿ ಅಣಬೆ ಫ್ರಿಜ್‌ನಲ್ಲಿಟ್ಟರೂ ಮೂರು ದಿನದ ಮೇಲೆ ಮಾರುವ ಹಾಗಿರುವುದಿಲ್ಲ. ಆದ್ದರಿಂದ ಕೊಯ್ಲಿನಲ್ಲಿ 85% ಮಾತ್ರ ಹಸಿ ಮಾರಾಟ, 10% ಬಿಸಿಲಲ್ಲಿ ಒಣಗಿಸುವುದು, 5% ನಷ್ಟ ಎಂದು ಹಿಡಿದಿದ್ದೇನೆ. 10 ಕೆಜಿ ಹಸಿ ಅಣಬೆ ಒಣಗಿದರೆ 1 ಕೆಜಿ. ಕೆಜಿಗೆ ₹800.

ಬಂಡವಾಳ

ಮನೆ ರಿಪೇರಿ, ಬಲೆ, ಗೋಣಿತಾಟು, ಹಗ್ಗ ಕಟ್ಟಲು ಪೈಪು ₹48,000. ಹುಲ್ಲು ಕತ್ತರಿಸುವ ಯಂತ್ರ ₹20,000. ಎರಡು ಡ್ರಮ್ಮು, ಒಲೆ ₹9,000. ತುಂತುರು ಪೈಪು, ಸಣ್ಣ ಮೋಟಾರು ₹14,000. ತಕ್ಕಡಿ, ಪೊಟ್ಟಣ ಸೀಲ್ ಮಾಡುವ ಯಂತ್ರ, ಉಷ್ಣತೆ–ತೇವಾಂಶ ಮಾಪಕ ₹7,000. ಸೆಕೆಂಡ್ ಹ್ಯಾಂಡ್ ಫ್ರಿಜ್ ₹12,000. ಮೊದಲ ಎರಡು ತಿಂಗಳ ಓಡಿಸುವ ಖರ್ಚು ₹20,000.

ವರ್ಷದ ಆದಾಯ, ಖರ್ಚು

ಹಸಿ ಅಣಬೆ 1,322 ಕೆಜಿಗೆ ₹1,98,300, ಒಣ ಅಣಬೆ 15.5 ಕೆಜಿಗೆ ₹12,400. ಒಟ್ಟು ಆದಾಯ ₹2,10,700.

ಖರ್ಚಿನಲ್ಲಿ ದೊಡ್ಡದು ಚೀಲದ್ದು. ಒಂದಕ್ಕೆ ಹುಲ್ಲು ₹5, ಬೀಜ ₹10, ಪ್ಲಾಸ್ಟಿಕ್ ಮತ್ತು ದಾರ ₹4, ಉರುವಲು ₹3. ಹುಲ್ಲು, ಉರುವಲು ಅರ್ಧಕ್ಕೂ ಹೆಚ್ಚು ನಮ್ಮದೇ ಆದರೂ ಬೆಲೆ ಕಟ್ಟಿದ್ದೇನೆ, ಹಸುವಿನ ಮೇವನ್ನು ಕಿತ್ತು ಅಣಬೆಗೆ ಲಾಭ ತೋರಿಸುವುದು ಸರಿಯಲ್ಲ. ಹೀಗೆ ₹60,060. ಪೊಟ್ಟಣಕ್ಕೆ ₹13,220. ಸಾಗಾಟ, ಹೆಸರಘಟ್ಟದಿಂದ ಬೀಜ ತರುವುದೂ ಸೇರಿ, ವಾರಕ್ಕೆ ₹500ರಂತೆ ₹26,000. ಕರೆಂಟು, ಬ್ಲೀಚಿಂಗ್ ಪೌಡರ್, ಮಾಸ್ಕ್ ₹12,000. ಮಾಸ್ಕ್ ಶೋಕಿಗಲ್ಲ, ಬಲಿತ ಅಣಬೆಯ ಧೂಳು ಎದೆಗೆ ಹೋದರೆ ಕೆಮ್ಮು ಬಿಡುವುದಿಲ್ಲ. ಚೀಲ ತುಂಬುವ ದಿನ ಒಬ್ಬ ಆಳಿಗೆ ₹400ರಂತೆ ₹20,800. ಒಟ್ಟು ಖರ್ಚು ₹1,32,080.

ಉಳಿಯುವುದು ₹78,620. 36 ಕಂತು, 11% ಬಡ್ಡಿ ಎಂದು ಹಿಡಿದರೆ ತಿಂಗಳ ಕಂತು ಸುಮಾರು ₹2,950, ವರ್ಷಕ್ಕೆ ₹35,400. ಅದು ಹೋಗಿ ಕೈಯಲ್ಲಿ ₹43,220. ತಿಂಗಳಿಗೆ ₹3,600. ದಿನಕ್ಕೆ ನಾಲ್ಕು ಗಂಟೆ ನನ್ನ ದುಡಿಮೆಗೆ ಸಿಗುವುದು ಇಷ್ಟೇ. ಕಡಿಮೆ ಅಂತ ನನಗೂ ಗೊತ್ತು. ಸಾಲ ತೀರಿದ ಮೇಲೆ ಅದು ₹6,500 ಆಗುತ್ತದೆ, ಮನೆ ಬಾಗಿಲಲ್ಲೇ. ಯಾವ ಸಬ್ಸಿಡಿಯನ್ನೂ ಇದರಲ್ಲಿ ಸೇರಿಸಿಲ್ಲ. ಚೀಲದಿಂದ ತೆಗೆದ ಹುಲ್ಲು ತೆಂಗಿನ ಬುಡಕ್ಕೆ ಗೊಬ್ಬರ, ಅದಕ್ಕೂ ಬೆಲೆ ಕಟ್ಟಿಲ್ಲ.

ಬೇಸಿಗೆಯ ಹಳ್ಳ

ಮಾರ್ಚ್‌ನಿಂದ ಮೇವರೆಗೆ ಆದಾಯ ಸುಮಾರು ₹18,500, ಖರ್ಚು ₹24,400. ಮೂರು ಕಂತು ಸೇರಿಸಿದರೆ ಕೊರತೆ ₹15,000 ಹತ್ತಿರ. ಹಾಗಾದರೆ ಆ ಮೂರು ತಿಂಗಳು ಮುಚ್ಚಿಬಿಡಬಹುದಲ್ವಾ ಎಂದು ಯಜಮಾನರೂ ಕೇಳಿದರು. ಮುಚ್ಚಿದರೆ ಕಂತು ಬಿಟ್ಟು ಸುಮಾರು ₹6,000 ಉಳಿಯುತ್ತದೆ, ನಿಜ. ಆದರೆ ಅಂಗಡಿಯವರು ನಮ್ಮ ಜಾಗಕ್ಕೆ ಬಟನ್ ಅಣಬೆ ಜೋಡಿಸಿಬಿಡುತ್ತಾರೆ. ಜೂನಿನಲ್ಲಿ ಮತ್ತೆ ಬಾಗಿಲು ತಟ್ಟಬೇಕು. ಆ ₹6,000 ಗಿರಾಕಿ ಉಳಿಸಿಕೊಳ್ಳುವ ಖರ್ಚು ಎಂದೇ ಬರೆದಿದ್ದೇನೆ.

ಈ ಹಳ್ಳ ತುಂಬಲು ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ತಿಂಗಳಿಗೆ ₹3,000 ತಮ್ಮ ಬ್ಯಾಂಕಿನಲ್ಲೇ ಆರ್‌ಡಿ ಕಟ್ಟುತ್ತೇನೆ. ಆ ಐದು ತಿಂಗಳಲ್ಲಿ ಖರ್ಚು ಕಳೆದು ಸುಮಾರು ₹55,000 ಉಳಿಯುವುದರಿಂದ ಭಾರವಾಗದು.

ಲೆಕ್ಕ ತಪ್ಪಿದರೆ

ಇಳುವರಿ 20% ಕುಸಿದರೆ ಉಳಿಯುವುದು ₹39,100. ಕಂತು ಕಟ್ಟಿ ನನಗೆ ₹3,700 ಸಿಗುತ್ತದೆ, ಅಂದರೆ ವರ್ಷವಿಡೀ ಸುಮ್ನೆ ದುಡಿದ ಹಾಗೆ. ಬೆಲೆ ₹120ಕ್ಕೆ ಇಳಿದರೂ ಹೆಚ್ಚುಕಡಿಮೆ ಅದೇ ಗತಿ. ಎರಡೂ ಒಟ್ಟಿಗೆ ಆದರೆ ಉಳಿಯುವುದು ₹7,400, ಕಂತಿಗೆ ₹28,000 ಸಾಲದು. ಆಗ ಡೇರಿಗೆ ಹಾಕುವ ಹಾಲಿನ ದುಡ್ಡಿನಿಂದ ತಿಂಗಳಿಗೆ ₹2,350 ತುಂಬುತ್ತೇವೆ. ಡೇರಿಯ ಪಾಸ್‌ಪುಸ್ತಕದ ಪ್ರತಿ ಲಗತ್ತಿಸಿದ್ದೇನೆ.

ಬೀಜ ಸಿಗದೆ ಹೋಗುವುದು ಇನ್ನೊಂದು ಅಪಾಯ. ಸುಗ್ಗಿಯಲ್ಲಿ ಎಲ್ಲರೂ ಒಮ್ಮೆಗೇ ಕೇಳುತ್ತಾರೆ. ಆದ್ದರಿಂದ ಮುಂಚೆಯೇ ಹೇಳಿಟ್ಟು, ಎರಡು ವಾರಕ್ಕೊಮ್ಮೆ 12 ಕೆಜಿ ತಂದು ಫ್ರಿಜ್‌ನಲ್ಲಿಡುತ್ತೇವೆ.

ಯಾವಾಗ ಶುರು

ಆಗಸ್ಟ್ ಮೊದಲ ವಾರದೊಳಗೆ ಸಾಲ ಕೈಗೆ ಬಂದರೆ ತಿಂಗಳೊಳಗೆ ಮನೆ ಸಿದ್ಧ. ಸೆಪ್ಟೆಂಬರ್ ಮೊದಲ ಬುಧವಾರ ಮೊದಲ 60 ಚೀಲ, ತಿಂಗಳ ಕೊನೆಗೆ ಮೊದಲ ಕೊಯ್ಲು. ನವೆಂಬರ್‌ವರೆಗೆ ಬಡ್ಡಿ ಮಾತ್ರ ಕಟ್ಟಲು ಅವಕಾಶ ಕೊಡಬೇಕು, ಡಿಸೆಂಬರ್‌ನಿಂದ ಪೂರ್ತಿ ಕಂತು. ಸಾಲ ಡಿಸೆಂಬರ್ ದಾಟಿ ಬರುವುದಾದರೆ ಈ ವರ್ಷ ಬೇಡ. ಸುಗ್ಗಿ ತಪ್ಪಿಸಿಕೊಂಡು ನೇರ ಬೇಸಿಗೆಗೆ ಕಾಲಿಡಲು ನನಗೆ ಧೈರ್ಯವಿಲ್ಲ, ಮುಂದಿನ ಜೂನ್‌ವರೆಗೆ ಕಾಯುತ್ತೇನೆ.

ತಾವು ಯಾವ ದಿನ ಬಂದರೂ ಮನೆ ತೋರಿಸುತ್ತೇನೆ. ಬುಧವಾರ ಬಂದರೆ ಚೀಲ ತುಂಬುವುದನ್ನೂ ನೋಡಬಹುದು, ಪರೀಕ್ಷೆಗೆಂದು ಈಗಲೂ 10 ಚೀಲ ನಡೆಸುತ್ತಿದ್ದೇನೆ.