ಇವತ್ತಿನ ಪಟ್ಟಿ: ಏಪ್ರಿಲ್ 30, ಗುರುವಾರ

ಯವ್ವಾ ಶೈಲಾ, ಬೇಸಗಿ ವೇಳೆ ಇರೋದ್ರಿಂದ 8ಕ್ಕೆ ನೀನು ಆಫೀಸಿನ್ಯಾಗ ಇರಬೇಕು. ಚಾ ಕುಡಿಯೋದ್ರೊಳಗ ಓದಿ ಮುಗೀಲಿ ಅಂತ ಬರದೀನಿ. ನನ್ನ ಕೈಲೆ ಆಗೋವೆಲ್ಲಾ ನನ್ನ ಪಾಲಿಗೆ ಹಾಕ್ಕೊಂಡೀನಿ. ನಿನ್ನ ಫೋನಿಗೇ ಓಟಿಪಿ ಬರೋವು ಮಾತ್ರ ನಿನಗ ಬಿಟ್ಟೀನಿ.

ದಿನ ದಾಟಿದವು

ನಿಮ್ಮತ್ತಿ ಬಿಪಿ ಗುಳಿಗಿ. ನಿನ್ನೆ ರಾತ್ರಿಗೆ ಪಟ್ಟಿ ಖಾಲಿ. ಆಕಿ ಹೇಳಂಗಿಲ್ಲ, ಡಬ್ಬಿ ತಗದು ನೋಡಿದ್ಮ್ಯಾಲೆ ನನಗೆ ಗೊತ್ತಾತು. ಮೊದಲು ಇದು. ರಾಜು ನೈಟ್ ಶಿಫ್ಟ್ ಮುಗಿಸಿ ತೋರಣಗಲ್ಲಿನಿಂದ ಬರ್ತಾ ಮೋತಿ ಸರ್ಕಲ್ ಹತ್ರ ತರ್ತಾನ, ಚೀಟಿ ಫೋಟೋ ಅವನಿಗೆ ಕಳಿಸೀನಿ. ನೀನು ಏನೂ ಮಾಡೋದು ಬ್ಯಾಡ.

ಕರೆಂಟ್ ಬಿಲ್, ₹1,690. ಕೊನೇ ದಿನ 26 ಇತ್ತು. ಕೂಲರ್ ಹಗಲೂ ರಾತ್ರಿ ತಿರುಗಿ 218 ಯೂನಿಟ್ ಆಗೇತಿ. 200 ದಾಟಿದ್ರೆ ಗೃಹಜ್ಯೋತಿ ಬರಂಗಿಲ್ಲ, ಮ್ಯಾಲಿನ 18 ಯೂನಿಟ್ಟಿಗಷ್ಟೇ ಅಲ್ಲ, ಪೂರಾ ಬಿಲ್ ನಾವೇ ಕಟ್ಟಬೇಕು. ಖಾತೆ ನಿನ್ನ ಫೋನಿನ್ಯಾಗೇ ಐತಿ. ಆಫೀಸಿಗೆ ಹೋಗಿ ಕುಂತ ಕೂಡ್ಲೆ ಕಟ್ಟಿಬಿಡು, ಲೈನ್‌ಮನ್ ಬಂದು ಫ್ಯೂಸ್ ಕಿತ್ತ ಮ್ಯಾಲೆ ಈ ಬಿಸಲಾಗ ಕಷ್ಟ. (ಹಗಲು ಕೂಲರ್ ಒಂದೇ ಕೋಣ್ಯಾಗ ಹಚ್ಚೋಣು. ಹುಡುಗ್ರು ಅಲ್ಲೇ ಆಡಲಿ.)

ಜೋಳ ಒಣಗಿಸಿ ತುಂಬೋದು. ಹೋದ ಐತವಾರದ ಕೆಲಸ. ಚೀಲದ ಬಾಯಾಗ ನುಸಿ ಇನ್ನೂ ಕಂಡಿಲ್ಲ, ಅದಕ್ಕ ಬರೋ ಐತವಾರಕ್ಕ ಹಾಕೀನಿ. ಬೇವಿನ ಸೊಪ್ಪು ನೆರಳಾಗ ಒಣಗಾಕ ಇಟ್ಟೀನಿ.

ಸಂಡಿಗಿ. ಮೂರು ವಾರದಿಂದ ಪಟ್ಟ್ಯಾಗ ಹಂಗೇ ಐತಿ. ಈ ವರ್ಷ ಕೊಂಡು ತಂದ್ರಾತು. ನಿಮ್ಮತ್ತಿಗೆ ನಾನು ಹೇಳ್ತೀನಿ, ಬೈಸ್ಕೊಳ್ಳೋದು ನನಗ ರೂಢಿ ಐತಿ. ಪಟ್ಟಿಯಿಂದ ತಗದೀನಿ.

ಸಿರುಗುಪ್ಪದ ಚಿಕ್ಕಮ್ಮಗ ಫೋನ್. ಮಧ್ಯಾಹ್ನ ಉಂಡ ಮ್ಯಾಲೆ ಮಾಡು. ಗೃಹಪ್ರವೇಶಕ್ಕ ಹೋಗಿಲ್ಲ, ಮುಯ್ಯಿ ಕಳಿಸಿಲ್ಲ, ಫೋನ್ ಆದ್ರೂ ಹೋಗಲಿ.

ಇವತ್ತಿನವು

ಲಸಿಕೆ. ಗುರುವಾರ ಅಂಗನವಾಡ್ಯಾಗ ಹಾಕ್ತಾರ. ಚಿನ್ನುಗೆ ಐದು ತುಂಬೇತಿ, ಡಿಪಿಟಿ ಎರಡನೇ ಬೂಸ್ಟರ್. ಅನುಗೆ ಹತ್ತು ತುಂಬೇತಿ, ಟಿಡಿ. ಎರಡು ಗುರುವಾರ ಹಂಗೇ ಹೋದ್ವು, ಇದು ಬ್ಯಾಡ. ಬಿಸಲು ಏರೋಕಿಂತ ಮೊದ್ಲು, ತಿಂಡಿ ತಿನಿಸಿ ಇಬ್ಬರನ್ನೂ ನಾನು ಕರ್ಕೊಂಡು ಹೋಗ್ತೀನಿ. ಹಾಕಿಸಿದ ಮ್ಯಾಲೆ ಅರ್ಧ ತಾಸು ಅಲ್ಲೇ ಕುಂತು ಬರ್ತೀವಿ. ತಾಯಿ ಕಾರ್ಡ್ ಬೀರುವಿನ್ಯಾಗ ಸಿಗಲಿಲ್ಲ, ಹೋಗೋ ಮುಂದ ಮೇಜಿನ ಮ್ಯಾಲೆ ಇಟ್ಟು ಹೋಗು. ಸಂಜಿಗೆ ಚಿನ್ನುಗೆ ಜ್ವರ ಬರಬಹುದು, ತೋಳು ಸ್ವಲ್ಪ ಬಾವು ಬರಬಹುದು, ಆಗ ಗಾಬರಿ ಆಗಬ್ಯಾಡ. ಚಿನ್ನುಗೆ ಇನ್ನೂ ಹೇಳಿಲ್ಲ, ನೀನೂ ಹೇಳಬ್ಯಾಡ!

ಮನೆ ತೆರಿಗೆ. 5% ರಿಯಾಯಿತಿಗೆ ಇವತ್ತೇ ಕೊನೆ. ₹4,860ರಾಗ ₹243 ಉಳೀತಾವು. ಚಲನ್ ತಯಾರು ಮಾಡೀನಿ, ಲಸಿಕೆ ಮುಗಿಸಿ ಹುಡುಗ್ರನ್ನ ಮನಿಗೆ ಬಿಟ್ಟು ನಾನೇ ಕಟ್ಟಿ ಬರ್ತೀನಿ. ರಶೀದಿ ಹಸಿರು ಫೈಲಿನ್ಯಾಗ ಇರ್ತೈತಿ.

ಸ್ಕೂಟಿ ಇನ್ಶೂರೆನ್ಸ್. ಇವತ್ತು ರಾತ್ರಿ 12ಕ್ಕೆ ಮುಗೀತೈತಿ. ಇದು ನಿನ್ನ ಹೆಸರಿನ್ಯಾಗ, ನಿನ್ನ ಫೋನಿನ್ಯಾಗ, ನಾನು ಏನೂ ಮಾಡಾಕ ಬರಂಗಿಲ್ಲ. ನಾಳೆ ಮುಂಜಾನೆ ಅದೇ ಗಾಡಿ ಮ್ಯಾಲೆ ಆಫೀಸಿಗೆ ಹೋಗ್ತೀಯ, ಪೊಲೀಸರು ಹಿಡಿದ್ರೆ ಮೊದಲನೇ ಸಲಕ್ಕೇ ₹2,000. ಅದಕ್ಕಿಂತ ಹೆಚ್ಚಿಂದು, ಯಾರಿಗಾದ್ರೂ ತಾಗಿದ್ರೆ ಆಮ್ಯಾಲಿನ ಲೆಕ್ಕ ಬ್ಯಾರೆ. ಕರೆಂಟ್ ಬಿಲ್ ಕಟ್ಟೋ ಹೊತ್ತಿಗೇ ಇದನ್ನೂ ಮುಗಿಸು.

ಗ್ಯಾಸ್. ಸಿಲಿಂಡರ್ ಇವತ್ತು ಬರ್ತೈತಿ ಅಂತ ಏಜೆನ್ಸಿಯವ್ರು ಹೇಳ್ಯಾರ. ಕೋಡ್ ನಿನ್ನ ನಂಬರಿಗೇ ಬರ್ತೈತಿ. ಬಂದ ಕೂಡ್ಲೆ ನನಗ ಕಳಿಸು. ಹುಡುಗ ಬಾಗಿಲಾಗ ನಿಂತಾಗ ನಾನು ಫೋನ್ ಹಚ್ಚಿ, ನೀನು ಮೀಟಿಂಗಿನ್ಯಾಗ ಇದ್ರೆ ಸಿಲಿಂಡರ್ ವಾಪಸ್ ಹೋಗ್ತೈತಿ.

ನೀರು. ಸಂಜಿ 6ರ ಮ್ಯಾಲೆ ನಮ್ಮ ಲೈನಿಗೆ ಬಿಡ್ತೀನಿ ಅಂದಾನ ವಾಲ್ವ್‌ಮನ್. ಹಿಂದಿನ ಡ್ರಮ್ಮಿನ ತಳದಾಗ ಹುಳ ಆಗ್ಯಾವು, ತುಂಬೋಕಿಂತ ಮೊದ್ಲು ತಿಕ್ಕಿ ತೊಳೀಬೇಕು. ರಾಜು ನಾಲ್ಕಕ್ಕ ಎದ್ದು ತೊಳೀತಾನ. ಅವನಿಗೆ ಎರಡು ಸಲ ಹೇಳ್ಬೇಕಾಗ್ತೈತಿ, ಎರಡನೇದು ನೀನು ಹೇಳು.

ಅಂದ್ರೆ ನಿನ್ನ ಪಾಲಿಗೆ: ಹೋಗೋ ಮುಂದ ಕಾರ್ಡ್, ಆಫೀಸಿನ್ಯಾಗ ಬಿಲ್ಲು ಇನ್ಶೂರೆನ್ಸು, ಬಂದಾಗ ಗ್ಯಾಸ್ ಕೋಡು, ಉಂಡ ಮ್ಯಾಲೆ ಸಿರುಗುಪ್ಪ. ಅನು ಶಾಲಿ ಫೀಸು ಮೇ 5ಕ್ಕೆ ಐತಿ, ಅದನ್ನ ಸೋಮವಾರದ ಪಟ್ಟ್ಯಾಗ ಬರೀತೀನಿ.